ನಿಮ್ಮ ವೇಳೆಗೆ, ಮುಂಬಯಿಯಿಂದಲೇ

ನಮ್ಮ ಮನೆಯವರಿಗೆ ಅರ್ಜಿ ಬರೆಯುವುದೆಂದರೆ ಪ್ರಾಣ. ಭಾಂಡುಪಿನ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಯಾರು ಯಾವ ಪಾಳಿಗೆ ಬರಬೇಕು, ಯಾರು ತಡವಾಗಿ ಬಂದರು, ಯಾರಿಗೆ ರಜೆ ಎಂದು ನೋಡಿಕೊಳ್ಳುವುದೇ ಅವರ ಕೆಲಸವಾಗಿತ್ತು. ಕಾರ್ಖಾನೆ ಮುಚ್ಚಿ ಆ ಜಾಗದಲ್ಲಿ ಟವರುಗಳು ಎದ್ದವು. ನಮ್ಮವರ ತಲೆಯೊಳಗಿನ ಟೈಮ್ ಆಫೀಸು ಮಾತ್ರ ಇನ್ನೂ ಮುಚ್ಚಿಲ್ಲ. ವಿಜಯಪುರದ ಕಡೆಯ ಯಾವ ಹುಡುಗ ಕೆಲಸ ಹುಡುಕಿಕೊಂಡು ಬಂದರೂ ಮೊದಲು ಟೈಮ್ ಆಫೀಸಿನ ಸಿದ್ದರಾಮಪ್ಪನವರ ಮನೆ ಕೇಳಿಕೊಂಡು ಬರುತ್ತಿದ್ದ. ಇವರು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡುವರು. ಮೊದಲು ಏನೇ ಇರಲಿ, ಕೊನೆಯ ಸಾಲು ಮಾತ್ರ ಎಲ್ಲರಿಗೂ ಒಂದೇ: ಯಾವ ಪಾಳಿಯಲ್ಲಾದರೂ ದುಡಿಯಲು ಸಿದ್ಧನಿದ್ದೇನೆ. ಆ ಸಾಲಿಲ್ಲದ ಅರ್ಜಿ ಅವರಿಗೆ ಉಪ್ಪಿಲ್ಲದ ಸಾರಿದ್ದ ಹಾಗೆ.

ಮಗಳು ವೈಶಾಲಿ ಜರ್ಮನಿಯ ಕೆಲಸಕ್ಕೆ ಅರ್ಜಿ ಹಾಕಲು ಕುಳಿತ ಭಾನುವಾರವೂ ಇವರು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಬಂದು ಕುಳಿತರು. ಕೇಳಿದವರು ಯಾರೂ ಇರಲಿಲ್ಲ. ನಾನು ಅಡುಗೆಮನೆಯಿಂದಲೇ ಕಣ್ಣು ಬಿಟ್ಟೆ, ಅವರಿಗೆ ಕಾಣಿಸಲಿಲ್ಲ, ಅಥವಾ ಕಾಣಿಸಿದರೂ ಕಾಣದವರಂತೆ ಇದ್ದರು.

ಅವಳು ಹೋಗಬೇಕು ಎಂದು ಹಟ ಹಿಡಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆ ತಾಯಂದಿರು ಮಕ್ಕಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂರುತ್ತಾರಂತೆ. ನನ್ನ ಆಸೆಯೇ ಬೇರೆಯಾಗಿತ್ತು. ಎರಡು ವರ್ಷದ ಹಿಂದೆ ನನ್ನ ಮಗ ಸಂದೀಪ ಕೆಲಸದಿಂದ ಮನೆಗೆ ಬರುವಾಗ ಲೋಕಲ್‌ನಿಂದ ಬಿದ್ದು ತೀರಿಕೊಂಡ. ಬಾಗಿಲಲ್ಲಿ ನಿಂತಿದ್ದನಂತೆ. ಒಳಗೆ ಸರಿಯಲು ಜಾಗವಿರಲಿಲ್ಲವಂತೆ. ಈ ಊರಿನಲ್ಲಿ ಅದು ಯಾರೂ ಹೊಸದೆಂದು ಕೇಳುವ ಸುದ್ದಿಯಲ್ಲ. ನಮ್ಮ ಮನೆಗೆ ಮಾತ್ರ ಅದು ಎಂದೂ ಹಳೆಯದಾಗಲಿಲ್ಲ.

ಅಣ್ಣ ತಂಗಿ ಇಬ್ಬರೂ ಮೊದಲು ಜೊತೆಯಲ್ಲೇ ಮನೆಯಿಂದ ಹೊರಡುತ್ತಿದ್ದರು. ಅವಳು ವಿಲೆ ಪಾರ್ಲೆಯ ಕಾಲೇಜಿಗೆ ಹೋಗುತ್ತಿದ್ದ ಕಾಲದಿಂದಲೂ ಅದೇ ರೂಢಿ, ಘಾಟ್ಕೋಪರಿನ ತನಕ ಲೋಕಲ್, ಅಲ್ಲಿಂದ ಅವಳು ಮೆಟ್ರೋ. ಅವನು ಹೋದ ಮೇಲೆ ಅವಳು ಲೋಕಲ್ ಹತ್ತಲೇ ಇಲ್ಲ. ಅಂಧೇರಿಯ ಆಫೀಸಿಗೆ ಪವಯಿ ಮಾರ್ಗವಾಗಿ ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತಿದ್ದಳು. ಟ್ರಾಫಿಕ್ಕಿನಲ್ಲಿ ಸಿಕ್ಕಿ, ಬೆವೆತು, ಮುಖ ಕಪ್ಪಿಟ್ಟುಕೊಂಡು ಬರುತ್ತಿದ್ದಳು. ನಮ್ಮ ಬಿಲ್ಡಿಂಗು ಸ್ಟೇಷನ್ನಿಗೆ ಹತ್ತಿರ, ಮನೆಯೊಳಗೆ ಕುಳಿತರೂ ಗಾಡಿಯ ಸದ್ದು ಕೇಳುತ್ತದೆ. ಸದ್ದು ಬಂದಾಗಲೆಲ್ಲ ಅವಳ ಕೈಯೊಳಗಿನ ತುತ್ತು ಒಂದು ಗಳಿಗೆ ನಿಲ್ಲುತ್ತಿತ್ತು. ನಗು ಹೋಯಿತು, ಗೆಳತಿಯರು ಹೋದರು. ಇಪ್ಪತ್ತಾರರ ಹುಡುಗಿ ಅರವತ್ತರ ಮುದುಕಿಯ ಹಾಗೆ ಬದುಕುತ್ತಿದ್ದಳು. ಈ ಸದ್ದು ಇಲ್ಲದ ಯಾವ ಊರಿಗಾದರೂ ಹೋಗಲಿ, ಅಲ್ಲಿ ಯಾರೂ ಅವಳನ್ನು ಅವನ ತಂಗಿ ಎಂದು ನೋಡುವುದಿಲ್ಲ, ಅಷ್ಟೇ ನನಗೆ ಬೇಕಾಗಿದ್ದದ್ದು.

ವೈಶಾಲಿ ಬಿಎಸ್ಸಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿದವಳು. ಹೊಸ ಔಷಧಿಗಳನ್ನು ರೋಗಿಗಳ ಮೇಲೆ ಪರೀಕ್ಷೆ ಮಾಡುತ್ತಾರಲ್ಲ, ಆ ಅಂಕಿಅಂಶಗಳನ್ನು ಸರಿನೋಡುವುದು ಅವಳ ಕೆಲಸ. ಜರ್ಮನಿಯಲ್ಲಿ ಈ ಕೆಲಸಕ್ಕೆ ಜನ ಬೇಕಂತೆ. ಆದರೆ ಹಾಗೇ ಹೋಗಲಾಗುವುದಿಲ್ಲ. ನಮ್ಮ ಪದವಿ ಅವರ ಪದವಿಗೆ ಸಮ ಎಂದು ಅಲ್ಲಿನ ಸರ್ಕಾರಿ ಕಚೇರಿಯೊಂದು ಬರೆದುಕೊಡಬೇಕು. ವೀಸಾಕ್ಕೆ ಅದು ಬೇಕು. ಇದನ್ನು ತಿಳಿದುಕೊಂಡ ದಿನ ನಮ್ಮವರು ಅವಳ ಲ್ಯಾಪ್‌ಟಾಪಿನ ಮುಂದೆ ಕುಳಿತು, ಅಲ್ಲಿನವರ ಪಟ್ಟಿಯಲ್ಲಿ ಅವಳ ಕಾಲೇಜಿನ ಹೆಸರು ಹುಡುಕಿದ್ದೇ ಹುಡುಕಿದ್ದು. ಮುಂಬಯಿಯಲ್ಲಿ ಯಾರನ್ನಾದರೂ ಕೇಳಿ, ಓದಿದ್ದು ಎಲ್ಲಿ ಎಂದರೆ ಕಾಲೇಜಿನ ಹೆಸರನ್ನೇ ಎದೆಯುಬ್ಬಿಸಿ ಹೇಳುತ್ತಾರೆ, ಯುನಿವರ್ಸಿಟಿಯ ಹೆಸರು ಯಾರೂ ಎತ್ತುವುದಿಲ್ಲ.

"ಇಲ್ಲಲ್ಲವಾ! ಇಷ್ಟು ದೊಡ್ಡ ಕಾಲೇಜ್, ಇವರಿಗೆ ಗೊತ್ತೇ ಇಲ್ಲೇನು?" ಎಂದು ಇವರು ಗಾಬರಿಬಿದ್ದರು.

"ಪಪ್ಪಾ, ಡಿಗ್ರಿ ಕೊಡೋದು ಯುನಿವರ್ಸಿಟಿ, ಕಾಲೇಜ್ ಅಲ್ಲ," ಎಂದು ಅವಳು ಮುಂಬಯಿ ಯುನಿವರ್ಸಿಟಿ ಎಂದು ಟೈಪ್ ಮಾಡಿದಳು. ಸಿಕ್ಕಿತು. ಇವರು ಲಾಟರಿ ಹೊಡೆದವರ ಹಾಗೆ ತೊಡೆ ತಟ್ಟಿಕೊಂಡರು.

ಆಮೇಲೆ ಪದವಿ ಪ್ರಮಾಣಪತ್ರ, ಎಲ್ಲ ಸೆಮಿಸ್ಟರಿನ ಅಂಕಪಟ್ಟಿ. ಒಂದು ಅಂಕಪಟ್ಟಿ ಎಲ್ಲೋ ಕಳೆದುಹೋಗಿತ್ತು. ಅದರ ನಕಲಿಗೆ ನಮ್ಮವರೇ ಕಲೀನಾದಲ್ಲಿರುವ ಯುನಿವರ್ಸಿಟಿಯ ಪರೀಕ್ಷಾ ವಿಭಾಗಕ್ಕೆ ಅಲೆದರು. ಈ ಕಿಟಕಿಯಿಂದ ಆ ಕಿಟಕಿಗೆ, ಊಟದ ಹೊತ್ತು ಮುಗಿಯುವ ತನಕ ಮೆಟ್ಟಿಲ ಮೇಲೆ. ಮೊಣಕಾಲು ನೋವಿನ ಮನುಷ್ಯ ಒಂದು ಮಾತೂ ಗೊಣಗಲಿಲ್ಲ. ಎಲ್ಲ ಕಳಿಸಿ, ಫೀ ಕಟ್ಟಿ, ತಿಂಗಳುಗಟ್ಟಲೆ ಕಾದ ಮೇಲೆ ಅಲ್ಲಿಂದ ಉತ್ತರ ಬಂತು. ಮೂರು ವರ್ಷದ ಪದವಿ ಎಂದು ತಕರಾರು ಮಾಡುತ್ತಾರೇನೋ ಎಂದು ಅವಳಿಗೆ ಭಯವಿತ್ತು. ಮಾಡಲಿಲ್ಲ. ಅವರ ಕಡೆಯ ಬ್ಯಾಚುಲರ್ ಪದವಿಯ ಮಟ್ಟದ್ದು ಎಂದು ಸ್ಪಷ್ಟವಾಗಿ ಬರೆದಿದ್ದರು. ಅಂದು ನಾನು ಹೋಳಿಗೆ ಮಾಡಿದೆ. ಸಂದೀಪ ಹೋದ ಮೇಲೆ ಮನೆಯಲ್ಲಿ ಮೊದಲ ಸಲ ಸಿಹಿ ಆದದ್ದು ಅಂದೇ.

ಇನ್ನು ಉಳಿದದ್ದು ಕೆಲಸ. ಆ ಭಾನುವಾರ ಅವಳು ಅರ್ಜಿ ಹಾಕುತ್ತಿದ್ದದ್ದು ಅಲ್ಲಿನ ಒಂದು ಸಣ್ಣ ಕಂಪನಿಗೆ. ಬಯೋಡೇಟಾದ ಜೊತೆಗೆ ಒಂದು ಚಿಕ್ಕ ಟಿಪ್ಪಣಿ ಬರೆಯಬೇಕಿತ್ತು. ಉದ್ದ ಬರೆದರೆ ಯಾರೂ ಓದುವುದಿಲ್ಲವಂತೆ. ಅವಳು ಎರಡೇ ಸಾಲು ಬರೆದು ಓದಿ ಹೇಳಿದಳು: ಈ ಕೆಲಸದಲ್ಲಿ ನನಗೆ ಇಷ್ಟು ಅನುಭವವಿದೆ, ನನ್ನ ಪದವಿ ನಿಮ್ಮ ಬ್ಯಾಚುಲರ್ ಪದವಿಗೆ ಸಮ ಎಂಬ ಪ್ರಮಾಣಪತ್ರ ನನ್ನಲ್ಲಿದೆ. ವೀಸಾ ಸಿಕ್ಕ ಕೂಡಲೇ ಬರಬಲ್ಲೆ.

"ಪಾಳಿ ಬಗ್ಗೆ ಬರದಿಲ್ಲಲ್ಲಾ?" ಎಂದರು ನಮ್ಮವರು.

"ಪಪ್ಪಾ, ಅಲ್ಲಿ ಪಾಳಿ ಗೀಳಿ ಏನೂ ಇರಂಗಿಲ್ಲ."

"ವೇಳೆ ಅಂತೂ ಇರ್ತದಲ್ಲವಾ? ವೀಸಾ ಆಗೂ ತನಕಾ ಖಾಲಿ ಕೂಡ್ತೀಯೇನು? ಅವರ ವೇಳೆಕ್ಕ ಇಲ್ಲಿಂದನs ಕೆಲಸಾ ಮಾಡ್ತೀನಿ ಅಂತ ಬರಿ. ಮಾಲಕರಿಗೆ ಮನಸ್ಸು ಕರಗ್ತದ."

ಅವಳು ನಕ್ಕಳು, ಬಹಳ ದಿನಕ್ಕೆ. ಬೆರಳು ಮಡಚಿ ಲೆಕ್ಕ ಹಾಕಿದಳು. ನಾವು ಅವರಿಗಿಂತ ಬೇಸಗೆಯಲ್ಲಿ ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅವರು ವರ್ಷಕ್ಕೆ ಎರಡು ಸಲ ಗಡಿಯಾರವನ್ನೇ ತಿರುಗಿಸುತ್ತಾರಂತೆ. ಹಾಗಾಗಿ ಅವರ ಬೆಳಗಿನ ಆಫೀಸು ನಮ್ಮ ಮಧ್ಯಾಹ್ನಕ್ಕೆ ಶುರುವಾಗಿ ನಮ್ಮ ಊಟದ ಹೊತ್ತಿಗೆ ಮುಗಿಯುತ್ತದೆ. ಟಿಪ್ಪಣಿಗೆ ಮೂರನೆಯ ಸಾಲು ಸೇರಿತು: ನಿಮ್ಮ ಕೆಲಸದ ವೇಳೆಗೆ ಪೂರ್ತಿ ಹೊಂದಿಕೊಂಡು ಮುಂಬಯಿಯಿಂದಲೇ ಕೆಲಸ ಮಾಡಲು ಸಿದ್ಧಳಿದ್ದೇನೆ.

"ವಾಹ್! ಈಗ ನೋಡು, ಅರ್ಜಿ ಅಂದ್ರ ಹಿಂಗಿರಬೇಕು," ಎಂದು ಇವರು ಎದ್ದು ಹೋದರು. ನನಗೂ ಅದು ಒಳ್ಳೆಯ ಸಾಲೇ ಅನ್ನಿಸಿತು. ಅವಳು ಮರುದಿನ ಬೆಳಿಗ್ಗೆ ಇನ್ನೊಮ್ಮೆ ಓದಿ ಕಳಿಸುವೆನೆಂದು ಲ್ಯಾಪ್‌ಟಾಪ್ ಮುಚ್ಚಿದಳು.

ಎರಡು ವಾರಕ್ಕೆ ಕರೆ ಬಂತು. ವಿಡಿಯೋದಲ್ಲಿ ಸಂದರ್ಶನ. ಅವಳು ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಮನೆಯ ಪೈಜಾಮ ಹಾಕಿಕೊಂಡು ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತೆವು. ಕುಕ್ಕರ್ ಕೂಗುತ್ತದೆಂದು ನಾನು ಒಲೆಯನ್ನೇ ಹಚ್ಚಲಿಲ್ಲ. ಮೊದಲ ಸುತ್ತಿನಲ್ಲಿ ಪಾಸಾದಳು, ಎರಡನೆಯದರಲ್ಲೂ. ನಾನು ಬಜಾರಿಗೆ ಹೋದಾಗ ದಪ್ಪ ಉಣ್ಣೆಯ ಸ್ವೆಟರು ಒಂದನ್ನು ಕೈಯಲ್ಲಿ ಹಿಡಿದು ನೋಡಿ ಬಂದೆ.

ಕೆಲಸ ಸಿಕ್ಕಿತು ಎಂಬ ಇಮೇಲು ಒಂದು ಮಧ್ಯಾಹ್ನ ಬಂತು. ಅವಳು ರಜೆಯ ಮೇಲೆ ಮನೆಯಲ್ಲೇ ಇದ್ದಳು. ನಮ್ಮವರು ಅಳುವುದೋ ನಗುವುದೋ ತಿಳಿಯದೆ ಚಪ್ಪಲಿ ಮೆಟ್ಟಿ ಪೇಢೆ ತರಲು ಓಡಿದರು. ನಾನು ದೇವರ ಮುಂದೆ ದೀಪ ಹಚ್ಚಿ ಬಂದು, "ಯಾವಾಗ ಹೊರಡೂದವಾ?" ಎಂದೆ.

ಅವಳು ಪರದೆಯಿಂದ ಕಣ್ಣು ಎತ್ತಲಿಲ್ಲ. "ಹೊರಡೂದಿಲ್ಲವ್ವಾ. ಇಲ್ಲಿಂದನs."

"ಅಂದ್ರ?"

ಅವಳು ಒಂದೊಂದೇ ಸಾಲನ್ನು ಕನ್ನಡಕ್ಕೆ ತಂದು ಹೇಳಿದಳು. ನಿಮ್ಮ ಟಿಪ್ಪಣಿಯಲ್ಲಿ ನಮ್ಮ ವೇಳೆಗೆ ಪೂರ್ತಿ ಹೊಂದಿಕೊಳ್ಳುವುದಾಗಿ ಬರೆದದ್ದು ನಮಗೆ ಬಹಳ ಹಿಡಿಸಿತು. ಆದ್ದರಿಂದ ನಿಮ್ಮನ್ನು ಮುಂಬಯಿಯಿಂದಲೇ ಕೆಲಸಕ್ಕೆ ತೆಗೆದುಕೊಳ್ಳಲು ಸಂತೋಷಪಡುತ್ತೇವೆ. ಸಂಬಳ ಭಾರತದಲ್ಲಿರುವ ಇನ್ನೊಂದು ಕಂಪನಿಯ ಮೂಲಕ ಬರುತ್ತದೆ. ಜರ್ಮನಿಗೆ ಕರೆಸಿಕೊಳ್ಳುವ ವಿಚಾರ ಸದ್ಯಕ್ಕಿಲ್ಲ.

"ಮತ್ತ ಆ ಡಿಗ್ರಿ ಕಾಗದ?"

"ಅದು ವೀಸಾಕ್ಕ ಬೇಕಾಗಿತ್ತು. ಮನ್ಯಾಗ ಕೂತು ಕೆಲಸಾ ಮಾಡಾಕ ಯಾರು ಕೇಳ್ತಾರ?"

ಕಲೀನಾದ ಮೆಟ್ಟಿಲು, ಹೋಳಿಗೆ, ಸ್ವೆಟರು ಎಲ್ಲ ಒಮ್ಮೆಗೇ ನನ್ನ ಕಣ್ಣ ಮುಂದೆ ಬಂದವು. ಅಷ್ಟರಲ್ಲಿ ಇವರು ಪೇಢೆಯ ಡಬ್ಬಿ ಹಿಡಿದು ಬಂದರು. ಹಿಂದೆಯೇ ಕೆಳಗಿನ ಮನೆಯ ವಾರಿಜಕ್ಕ. ಉಡುಪಿಯವಳು, ಅವಳ ಗಂಡ ಹೋಟೆಲಿನಲ್ಲಿ ಕ್ಯಾಶಿಯರು.

"ಹೌದಾ ಮಾರಾಯ್ರೆ? ಫಾರಿನ್ ಕೆಲಸ, ಮನೆಯಲ್ಲೇ ಕೂತು! ಮಗಳು ಕಣ್ಣೆದುರೇ ಇರ್ತಾಳೆ. ಎಂಥಾ ಪುಣ್ಯ ನಿಮ್ಮದು," ಎಂದಳು ಅವಳು. ನಾನು ಪೇಢೆ ಮುಟ್ಟಲಿಲ್ಲ.

ಅವಳು ಹೋದ ಮೇಲೆ ನಾನು ಬಾಯಿ ಬಿಟ್ಟೆ. "ನಿಮ್ಮ ಪಾಳಿ ಹಾಳಾಗಿ ಹೋಗ್ಲಿ! ಯಾರು ಕೇಳಿದ್ರು ನಿಮ್ಮನ್ನ? ಆಕಿ ಬರಕೊಂಡಿದ್ಲು, ಛಂದ ಬರಕೊಂಡಿದ್ಲು. ನಡುವ ಮೂಗು ತೂರಿಸಿ ನನ್ನ ಮಗಳ ಕಾಲು ಮುರದ್ರಿ!"

ಅವರು ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ಮಗಳ ಮುಖ ನೋಡಿದರು. ಅವಳು ಏನೋ ಹೇಳಲು ಹೋದಳು. ಇವರು ಕೈಸನ್ನೆಯಲ್ಲೇ ತಡೆದರು. "ನನ್ನ ತಪ್ಪು ಆತು ಬಿಡು ರುದ್ರವ್ವಾ," ಎಂದರು, ಅಷ್ಟೇ.

ತಪ್ಪು ಆಯಿತು ಎಂದರೆ ಆಗಿಹೋಯಿತೇ? ನಾನು ಅವರ ಜೊತೆ ಮಾತು ಬಿಟ್ಟೆ. ತಾಟು ಇಡುತ್ತಿದ್ದೆ, ಚಹಾ ಇಡುತ್ತಿದ್ದೆ, ಬಾಯಿಯಿಂದ ಒಂದು ಶಬ್ದ ಬರುತ್ತಿರಲಿಲ್ಲ. ಬೇಕಾದದ್ದಿದ್ದರೆ ಗೋಡೆಗೆ ಹೇಳುತ್ತಿದ್ದೆ. ಅವರು ಅದನ್ನು ತಲೆ ತಗ್ಗಿಸಿ ಕೇಳಿಸಿಕೊಂಡು ಪಿಶವಿ ಚೀಲ ಹಿಡಿದು ಬಜಾರಿಗೆ ಹೋಗುತ್ತಿದ್ದರು. ಊರ ಹುಡುಗನೊಬ್ಬ ಅರ್ಜಿ ಬರೆಸಿಕೊಳ್ಳಲು ಬಂದಾಗ ನಾನೇ ಬಾಗಿಲಲ್ಲಿ ನಿಂತು, "ಇಲ್ಲಿ ಅರ್ಜಿ ಬರಿಯೂದು ನಿಂತದ," ಎಂದು ಕಳಿಸಿಬಿಟ್ಟೆ. ಒಳಗೆ ಕುಳಿತ ಮನುಷ್ಯ ಕೆಮ್ಮಲೂ ಇಲ್ಲ. ನನಗೆ ಸ್ವಲ್ಪ ಸಮಾಧಾನವಾಯಿತು, ಸುಳ್ಳೇಕೆ ಹೇಳಲಿ.

ವೈಶಾಲಿ ಹಳೆಯ ಕೆಲಸ ಬಿಟ್ಟು ಹೊಸ ಕೆಲಸಕ್ಕೆ ಸೇರಿದಳು. ಸೇರುವುದೆಂದರೇನು, ಹೊರಗಿನ ಖೋಲಿಯಲ್ಲಿ ಸಂದೀಪನ ಮಂಚವಿದ್ದ ಮೂಲೆಗೆ ಒಂದು ಮೇಜು ಬಂತು. ಮಧ್ಯಾಹ್ನ ಊಟ ಮುಗಿಸಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತರೆ ಏಳುತ್ತಿದ್ದದ್ದು ನಮ್ಮೆಲ್ಲರ ಊಟದ ಹೊತ್ತಿಗೆ. ಈಗ ಬಸ್ಸೂ ಇಲ್ಲ. ಹೊರಗೆ ಹೋಗುವ ಕಾರಣವೇ ಇಲ್ಲ. ಪರದೆಯೊಳಗೆ ಆ ಕಡೆಯವರ ಹಿಂದೆ ಕಿಟಕಿ, ಕಿಟಕಿಯಲ್ಲಿ ಹಿಮ. ಅವರು ಕಾಫಿ ಕುಡಿಯಲು ಎದ್ದು ಹೋಗುವುದು ಕಾಣುತ್ತಿತ್ತು. ನನ್ನ ಮಗಳು ಮಾತ್ರ ಅದೇ ನಾಲ್ಕು ಗೋಡೆಯೊಳಗೆ, ಗಾಡಿಯ ಸದ್ದಿನ ನಡುವೆ, ಅಣ್ಣನ ಜಾಗದಲ್ಲಿ ಕುಳಿತಿದ್ದಳು.

ಒಂದು ಬೆಳಿಗ್ಗೆ ನಾನು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ನಮ್ಮವರು ಹಾಲು ತರಲು ಕೆಳಗೆ ಹೋಗಿದ್ದರು. ವೈಶಾಲಿ ಬಂದು ನನ್ನೆದುರು ನೆಲದ ಮೇಲೆ ಕುಳಿತು ತಾನೂ ಒಂದು ಕಟ್ಟು ಬಿಚ್ಚಿದಳು.

"ಅವ್ವಾ, ಪಪ್ಪಾನ ಸಂಗಟ ಮಾತಾಡು. ಉನ್ಹೋಂನೆ ಕುಛ್ ನಹೀಂ ಕಿಯಾ, ಅವರದೇನೂ ತಪ್ಪಿಲ್ಲ."

"ಆ ಸಾಲು ಬರಸಿದವರು ಅವರs ಅಲ್ಲೇನು?"

"ಬರಸಿದ್ರು. ಮರುದಿನಾ ಮುಂಜಾನೆ ಅವರs ಬಂದು ತಗಿ ಅಂದ್ರು." ಅವಳು ಎಲೆ ಕೀಳುತ್ತಲೇ ಇದ್ದಳು. "ರಾತ್ರಿ ನಿದ್ದಿನs ಬರಲಿಲ್ಲ ಅಂದ್ರು. ಟೈಮ್ ಆಫೀಸ್ನಾಗ ನೋಡೇನಿ, ಯಾವ ಪಾಳಿಗೂ ಬರ್ತೀನಿ ಅಂದವನನ್ನ ಸಾಹೇಬ್ರು ಇದ್ದಲ್ಲೇ ಇಡ್ತಾರ, ಬದಲೀ ಮಾಡಂಗಿಲ್ಲ. ಈ ಸಾಲು ಇದ್ರ ಅವರು ನಿನ್ನ ಕರಸಂಗಿಲ್ಲ ವೈಶು, ಇಲ್ಲೇ ಉಳೀತಿ, ತಗದ್ಹಾಕು ಅಂದ್ರು."

ನಾನು ಕಟ್ಟನ್ನು ಕೆಳಗಿಟ್ಟೆ. "ಮತ್ತ ನೀ ಯಾಕ ತಗೀಲಿಲ್ಲ?"

"ತಗದೆ. ಮತ್ತ ಹಾಕಿದೆ. ಆಮ್ಯಾಲ ಕಳಿಸಿದೆ."

"ಯಾಕವಾ? ಈ ಊರು ಬ್ಯಾಡ ಅಂತಿದ್ದೆಲ್ಲಾ?"

ಅವಳು ಇನ್ನೊಂದು ಕಟ್ಟು ಬಿಚ್ಚಿ ಎಲೆ ಕೀಳತೊಡಗಿದಳು. ಕನ್ನಡದಲ್ಲಿ ಹೇಗೆ ಹೇಳಬೇಕೆಂದು ಹುಡುಕುತ್ತಿರುವಳೆಂದು ತಿಳಿದುಕೊಂಡೆ. ಹೇಳಬಾರದೆಂದು ತಡೆದುಕೊಂಡಿದ್ದಳು ಎಂದು ಆಮೇಲೆ ತಿಳಿಯಿತು.

"ಸಂಜೀಕ ಗಾಡಿ ಬಂದು ಹೋಗ್ತದಲ್ಲಾ," ಎಂದಳು. "ಸ್ವಲ್ಪ ಹೊತ್ತಿಗೆ ಮಂದಿ ಮೆಟ್ಟಲಾ ಹತ್ತಿ ಬರ್ತಾರ. ಯಾರದರ ಹೆಜ್ಜಿ ನಮ್ಮ ಮಾಳಿಗಿಗೆ ಬಂದ್ರ ಸಾಕು, ನೀ ಬಾಗಲಾ ನೋಡ್ತಿ ಅವ್ವಾ. ಕೈಯಾಗಿನ ಕೆಲಸಾ ಬಿಟ್ಟು ನೋಡ್ತಿ. ಹೆಜ್ಜಿ ಮುಂದ ಹೋಗೂ ತನಕಾ. ದಿನಾ. ನೀ ನೋಡ್ತಿ ಅಂತ ನಿನಗ ಗೊತ್ತೇ ಇಲ್ಲ. ಪಪ್ಪಾ ನಿನ್ನ ಮಾರಿ ನೋಡಲಾರದs ಆ ಹೊತ್ತಿನ್ಯಾಗ ಬಾಲ್ಕನಿಗೆ ಹೋಗ್ತಾರ. ನಾನೂ ಹೋದ್ರ ನೀ ಇಬ್ಬರ ಹೆಜ್ಜಿ ಕೇಳ್ಕೋತ ಕೂಡ್ತಿದ್ದಿ. ಹೆಂಗ ಹೋಗ್ಲಿ?"

ಇಲ್ಲ, ನಾನು ಹಾಗೆ ನೋಡುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವಳು ನನ್ನದೇ ಸೆರಗಿನ ತುದಿಯಿಂದ ನನ್ನ ಕಣ್ಣು ಒರೆಸಿ, ಸೊಪ್ಪನ್ನು ಜರಡಿಗೆ ಹಾಕಿ ತೊಳೆಯಲು ಎದ್ದು ಹೋದಳು.

ನಮ್ಮವರು ಹಾಲಿನ ಪಿಶವಿ ಇಡಲು ಅಡುಗೆಮನೆಗೆ ಬಂದಾಗ ನಾನು ಕೇಳಿದೆ. ಇಷ್ಟು ದಿನಕ್ಕೆ ಮೊದಲ ಮಾತು ಅದೇ. "ನೀವು ತಗಿ ಅಂದಿದ್ರಿ ಅಂತ ಯಾಕ ಹೇಳಲಿಲ್ಲ? ನನ್ನ ಕಡಿಂದ ಇಷ್ಟು ಬೈಸಿಕೊಂಡ್ರಿ."

ಅವರು ಪಿಶವಿಯ ಗಂಟು ಬಿಚ್ಚುತ್ತಾ ನಿಂತರು. "ಹೇಳಿದ್ರ ನೀ ಆಕೀನ್ನ ಯಾಕ ತಗೀಲಿಲ್ಲ ಅಂತ ಕೇಳ್ತಿದ್ದಿ," ಎಂದರು. "ಆಕಿ ಹೇಳಬೇಕಾಗ್ತಿತ್ತು. ನಿನಗ ಅದು ಗೊತ್ತಾಗೂದು ನನಗ ಬ್ಯಾಡಾಗಿತ್ತು."

ನಾನು ಅವರ ಮುಂದೆಯೇ ಅತ್ತೆ. ಮಗ ಹೋದಾಗಲೂ ಹೀಗೆ ಅತ್ತಿರಲಿಲ್ಲ, ಆಗ ಅಳಲು ಬಹಳ ಜನ ಇದ್ದರು. ಇವಳನ್ನು ಈ ಮನೆಯಿಂದ ಬಿಡಿಸಬೇಕೆಂದು ದೇವರಿಗೆ ಹರಕೆ ಹೊತ್ತವಳು ನಾನು, ಇವಳ ಕಾಲಿಗೆ ಹಗ್ಗ ಕಟ್ಟಿದವಳೂ ನಾನೇ. ಅವರು ಮೆಲ್ಲಗೆ ನನ್ನ ತಲೆಯ ಮೇಲೆ ಕೈ ಇಟ್ಟರು, ಹಾಲು ಉಕ್ಕುತ್ತದೆ ನೋಡು ಎಂದರು. ಒಲೆಯನ್ನು ಯಾರೂ ಹಚ್ಚಿರಲಿಲ್ಲ.

ಅದೇ ದಿನ ನಾನು ನಿರ್ಧಾರ ಮಾಡಿದೆ. ಇನ್ನು ನೋಡುವುದಿಲ್ಲ. ಅವ್ವ ಗಟ್ಟಿಯಾಗಿದ್ದಾಳೆ ಎಂದು ಅವಳಿಗೆ ಕಂಡರೆ ಮುಂದಿನ ವರ್ಷ ಇನ್ನೊಂದು ಕಂಪನಿಗೆ ಬರೆಯುತ್ತಾಳೆ, ಆ ಸಾಲಿಲ್ಲದೆ ಬರೆಯುತ್ತಾಳೆ. ಡಿಗ್ರಿ ಕಾಗದ ಎಲ್ಲೂ ಓಡಿಹೋಗುವುದಿಲ್ಲ, ಅದಕ್ಕೆ ಅವಧಿ ಮುಗಿಯುವುದೂ ಇಲ್ಲವಂತೆ. ನಾನು ಒಂದಿಷ್ಟು ಸಂಜೆ ಗೆದ್ದರೆ ಸಾಕು.

ಸಂಜೆ ಮೊರದಲ್ಲಿ ಅಕ್ಕಿ ಹಾಕಿಕೊಂಡು, ಬಾಗಿಲಿಗೆ ಬೆನ್ನು ಮಾಡಿ ಕುಳಿತೆ. ವೈಶಾಲಿ ಮೇಜಿನ ಮುಂದೆ ಹೆಡ್‌ಫೋನ್ ಹಾಕಿಕೊಂಡು ಆ ಕಡೆಯವರ ಜೊತೆ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದಳು. ನಮ್ಮವರು ಬಾಲ್ಕನಿಗೆ ಹೋಗದೆ ನನ್ನ ಪಕ್ಕದಲ್ಲೇ ಪೇಪರು ಹಿಡಿದು ಕುಳಿತರು. ಗಾಡಿ ಬಂತು, ನಿಂತಿತು, ಹೋಯಿತು. ನಾನು ಕಲ್ಲು ಆರಿಸುತ್ತಲೇ ಇದ್ದೆ. ಕೆಳಗೆ ಗೇಟಿನ ಸದ್ದು, ಆಮೇಲೆ ಹೆಜ್ಜೆಗಳು. ಮೊದಲ ಮಾಳಿಗೆಯಲ್ಲಿ ಕೆಲವು ನಿಂತವು. ಒಂದು ಜೊತೆ ಹೆಜ್ಜೆ ಮಾತ್ರ ಮೇಲೆ ಬಂತು, ಅವಸರದ, ಗಂಡುಹುಡುಗನ ಹೆಜ್ಜೆ. ನೋಡಬಾರದು, ನೋಡಬಾರದು ಎಂದು ಅಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದೆ.

ಹೆಜ್ಜೆ ನಮ್ಮ ಬಾಗಿಲು ದಾಟಿ ಮುಂದಿನ ಮನೆಗೆ ಹೋಯಿತು. ಆಗ ನನಗೆ ತಿಳಿಯಿತು, ನಾನು ಪೂರ್ತಿ ಬಾಗಿಲ ಕಡೆಗೆ ತಿರುಗಿ ಕುಳಿತಿದ್ದೆ, ಮೊರದ ಅಕ್ಕಿಯೆಲ್ಲ ನೆಲದ ಮೇಲೆ ಚೆಲ್ಲಿತ್ತು. ವೈಶಾಲಿ ಮಾತು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ನಾನು ನಗಲು ನೋಡಿದೆ. ಅವಳು ಆ ಕಡೆಯವರಿಗೆ ಕ್ಷಮೆ ಕೇಳಿ, ಬಿಟ್ಟ ಮಾತನ್ನು ಮತ್ತೆ ಮುಂದುವರಿಸಿದಳು.